ಗಿಡ್ಡ ಕಡೆಯನ್ನೇ ಯಾಕೆ ಸರಿಸಬೇಕು?

ನಮ್ಮ ತಂಡದಲ್ಲಿ ವಾರಕ್ಕೊಮ್ಮೆ ಒಂದು ಪ್ರಾಬ್ಲಮ್ ಬಿಡಿಸಿ, ಒಬ್ಬರ ಕೋಡನ್ನು ಇನ್ನೊಬ್ಬರು ನೋಡುತ್ತೇವೆ. ಕಳೆದ ವಾರ ಬಂದದ್ದು ಬಾರ್‌ಗಳ ನಡುವೆ ಎಷ್ಟು ಮಳೆನೀರು ನಿಲ್ಲುತ್ತದೆ ಅನ್ನೋ ಲೆಕ್ಕ. ಬಾರ್‌ಗಳ ಎತ್ತರಗಳು `h` ಎಂಬ ಸಾಲಿನಲ್ಲಿ ಇರುತ್ತವೆ, ಪ್ರತಿ ಬಾರ್‌ನ ಅಗಲ 1. ಎರಡು ತುದಿಯಿಂದ ಎರಡು ಪಾಯಿಂಟರ್ ಒಳಗೆ ಬರುತ್ತವೆ. ಒಂದೊಂದು ಕಡೆ ಈವರೆಗೆ ಕಂಡ ಅತಿ ಎತ್ತರವನ್ನು `lm`, `rm` ಎಂದು ಇಟ್ಟುಕೊಳ್ಳುತ್ತೇವೆ.

ನಾನು ನೆನಪಿನ ಮೇಲೆ ಬರೆದೆ, ಎತ್ತರದ ಕಡೆಯ ಪಾಯಿಂಟರನ್ನು ಸರಿಸಿದೆ. ಪ್ರತಿ ಜಾಗಕ್ಕೂ `lm`, `rm` ಎರಡರಲ್ಲಿ ಕಡಿಮೆ ಇರುವುದರಿಂದ ಬಾರ್‌ನ ಎತ್ತರ ಕಳೆದೆ, ಸೊನ್ನೆಗಿಂತ ಕಡಿಮೆ ಬಂದರೆ ಸೊನ್ನೆ ಎಂದು ಹಿಡಿದೆ. `[3, 0, 2, 0, 4]` ಕೊಟ್ಟರೆ 7 ಬಂತು. ಅದು ಸರಿಯಾದ ಉತ್ತರವೇ.

ಕೋಡ್ ನೋಡಿದ ಸಹೋದ್ಯೋಗಿ ಕೇಳಿದರು: “ನಡುವೆ ಇನ್ನೂ ಎತ್ತರದ ಬಾರ್ ಇದ್ದರೆ ಏನಾಗುತ್ತೆ ಸರ್?” ಅವರು `[2, 0, 5, 0, 4]` ಕೊಟ್ಟರು. ಬರಬೇಕಾದದ್ದು 6, ಬಂದದ್ದು 4.

ಎಲ್ಲಿ ತಪ್ಪಿತು ಅಂತ ಕಾಗದದ ಮೇಲೆ ಬಿಡಿಸಿ ನೋಡಿದೆವು. ಎಡ ತುದಿ 2, ಬಲ ತುದಿ 4. ನಾನು ಬಲಗಡೆಯಿಂದ ಒಳಗೆ ಬಂದು 0 ಇರುವ ಜಾಗದಲ್ಲಿ ನಿಂತೆ. ಎಡಗಡೆ ನನಗೆ ಗೊತ್ತಿದ್ದದ್ದು 2 ಮಾತ್ರ, ಹಾಗಾಗಿ ನೀರು 2 ಅಂದೆ. ಆದರೆ ಆ ಜಾಗದ ಎಡಕ್ಕೆ 5ರ ಬಾರ್ ಇದೆ. ಅದನ್ನು ನಾನಿನ್ನೂ ನೋಡಿಯೇ ಇರಲಿಲ್ಲ. ಅಲ್ಲಿ ನಿಜವಾಗಿ ನಿಲ್ಲುವ ನೀರು 4.

ಈಗ ಗಿಡ್ಡ ಕಡೆಯಿಂದ ಬನ್ನಿ. ಎಡದಿಂದ ಸರಿದು ಮೊದಲ 0 ಹತ್ತಿರ ನಿಂತಿದ್ದೇವೆ. ಇದರ ಎಡಕ್ಕೆ ಇರುವ ಬಾರ್‌ಗಳನ್ನೆಲ್ಲ ನೋಡಿ ಆಗಿದೆ, ಅತಿ ಎತ್ತರ 2. ಬಲಕ್ಕೆ ಕನಿಷ್ಠ 4 ಇದೆ ಅಂತಲೂ ಗೊತ್ತು. ನಡುವೆ 5 ಇರಲಿ, 500 ಇರಲಿ, ನೀರಿನ ಮಟ್ಟ 2 ದಾಟಲ್ಲ, ಎಡಕ್ಕೆ ಹರಿದುಹೋಗುತ್ತೆ ಅಲ್ವಾ? ನೋಡದೆ ಉಳಿದ ಬಾರ್‌ಗಳಿಂದ ಈ ಜಾಗದ ಉತ್ತರ ಬದಲಾಗುವುದೇ ಇಲ್ಲ. ಅದಕ್ಕೇ ಈ ಕಡೆಯ ಲೆಕ್ಕವನ್ನು ಧೈರ್ಯವಾಗಿ ಮುಗಿಸಿ ಮುಂದೆ ಹೋಗಬಹುದು.

```python
l, r = 0, len(h) - 1
lm = rm = total = 0
while l <= r:
    if lm <= rm:
        lm = max(lm, h[l])
        total += lm - h[l]
        l += 1
    else:
        rm = max(rm, h[r])
        total += rm - h[r]
        r -= 1
```

ಇದರಲ್ಲಿ `min` ಇಲ್ಲದಿರುವುದನ್ನು ಗಮನಿಸಿ. ಯಾವುದು ಕಡಿಮೆ ಅನ್ನೋದನ್ನು `if` ಆಗಲೇ ತೀರ್ಮಾನಿಸಿದೆ. ಎರಡೂ ಸಮ ಇದ್ದರೆ ಯಾವ ಕಡೆಯಿಂದ ಸರಿದರೂ ನಡೆಯುತ್ತೆ, ಯಾಕಂದ್ರೆ ಎದುರಿನ ಗೋಡೆ ಅಷ್ಟೇ ಎತ್ತರ ಇದ್ದರೂ ಸಾಕು.

ನನ್ನ ಮೊದಲ ಟೆಸ್ಟ್ ಯಾಕೆ ಪಾಸಾಯ್ತು ಅನ್ನೋದೂ ಆಗ ಅರ್ಥವಾಯಿತು. ಅದರಲ್ಲಿ ಎತ್ತರದ ಬಾರ್‌ಗಳೆರಡೂ ತುದಿಯಲ್ಲೇ ಇದ್ದವು, ನಡುವೆ 3ಕ್ಕಿಂತ ಎತ್ತರದ್ದು ಒಂದೂ ಇರಲಿಲ್ಲ. ಅಂಥ ಸಾಲಿಗೆ ಯಾವ ಕಡೆ ಸರಿದರೂ ಉತ್ತರ ಒಂದೇ. ಈಗ ನಡುವೆ ಎತ್ತರದ ಬಾರ್ ಇರುವ ಸಾಲನ್ನೇ ಮೊದಲ ಟೆಸ್ಟ್ ಆಗಿ ಹಾಕಿದ್ದೇನೆ. ಜೊತೆಗೆ ಪ್ರತಿ ಜಾಗಕ್ಕೂ ಎಡ-ಬಲ ಪೂರ್ತಿ ಹುಡುಕುವ ನಿಧಾನದ ಕೋಡ್ ಒಂದನ್ನು ಬರೆದು, ಸಣ್ಣ ಸಣ್ಣ ರ‍್ಯಾಂಡಮ್ ಸಾಲುಗಳ ಮೇಲೆ ಎರಡರ ಉತ್ತರವನ್ನೂ ಹೋಲಿಸುತ್ತೇನೆ.