ಕುರ್ಚಿ ಹಿಂದೆ ಸರಿಸಿದ ಮೇಲೆ: ನಮ್ಮ ಬಾಲಿಂಟ್ ಗುಂಪು ಎಲ್ಲಿಗೆ ಬಂತು

ದಾವಣಗೆರೆಯ ನಾವು ಎಂಟು ಜನ ಜನರಲ್ ಪ್ರಾಕ್ಟೀಷನರುಗಳು ಭಾನುವಾರ ಬೆಳಗ್ಗೆ ಪಿ.ಜೆ. ಬಡಾವಣೆಯ ಒಂದು ಕ್ಲಿನಿಕ್ಕಿನಲ್ಲಿ ಸೇರಿ, ಸರದಿಯಂತೆ ನಮ್ಮಲ್ಲೊಬ್ಬರ ರೋಗಿಯ ಕೇಸು ಚರ್ಚಿಸುತ್ತೇವೆ. ಮನೋವಿಶ್ಲೇಷಕ ಮೈಕೆಲ್ ಬಾಲಿಂಟ್, ಅವರ ಹೆಂಡತಿ ಎನಿಡ್ ಬಾಲಿಂಟ್ 1950ರ ದಶಕದಲ್ಲಿ ಲಂಡನ್ನಿನ ಟ್ಯಾವಿಸ್ಟಾಕ್ ಕ್ಲಿನಿಕ್ಕಿನಲ್ಲಿ ನಮ್ಮಂಥ ಡಾಕ್ಟರುಗಳ ಜೊತೆ ಕೂತು ರೂಪಿಸಿದ ಕ್ರಮ ನಮ್ಮದು. ಕಾಯಿಲೆ ಯಾವುದು ಅಂತ ಇಲ್ಲಿ ಹುಡುಕುವುದಿಲ್ಲ. ಆ ರೋಗಿ, ಈ ಡಾಕ್ಟರು, ಇಬ್ಬರ ನಡುವೆ ಏನಾಗುತ್ತಿದೆ ಅಂತ ನೋಡುತ್ತೇವೆ. ನಡೆಸಿಕೊಡುವವರು ಒಬ್ಬ ಮನೋವೈದ್ಯೆ.

ಕೇಸು ಹೇಳುವವರು ಕೈಯಲ್ಲಿ ಫೈಲು ಹಿಡಿಯುವಂತಿಲ್ಲ. ಐದಾರು ನಿಮಿಷ, ನೆನಪಿಗೆ ಬಂದಂತೆ ಹೇಳಬೇಕು. ಯಾವುದು ಮೊದಲು ಬಂತು, ಯಾವುದು ಬಿಟ್ಟುಹೋಯಿತು ಅನ್ನುವುದೂ ಕೇಸಿನ ಭಾಗವೇ. ಆಮೇಲೆ ವಯಸ್ಸು, ಮನೆಯಲ್ಲಿ ಯಾರಿದ್ದಾರೆ, ಇಂಥ ಸರಳ ಪ್ರಶ್ನೆಗಳು. ಅಲ್ಲಿಂದ ಮುಂದೆ ಹೇಳಿದವರು ಕುರ್ಚಿ ಹಿಂದೆ ಸರಿಸಿ ಸುಮ್ಮನೆ ಕೇಳಬೇಕು. ಅರ್ಧ ಗಂಟೆ ಮಾತೆಲ್ಲ ಉಳಿದವರದು. ಕೊನೆಗೆ ಮತ್ತೆ ವೃತ್ತದೊಳಗೆ ಬರುತ್ತಾರೆ.

ಈ ಸಲದ ಕೇಸು (ಊರು, ವಯಸ್ಸು ಬದಲಿಸಿದ್ದೇನೆ, ನಮ್ಮಂಥ ಊರಲ್ಲಿ ಅಷ್ಟು ಮಾಡದಿದ್ದರೆ ಗುರುತು ಸಿಕ್ಕಿಬಿಡುತ್ತದೆ): ಹಳ್ಳಿಯ ಐವತ್ತು ದಾಟಿದ ಹೆಂಗಸು. ಪ್ರತಿ ವಾರ ಕ್ಲಿನಿಕ್ ಮುಚ್ಚುವ ಹೊತ್ತಿಗೆ ಮಗನ ಬೈಕಿನಲ್ಲಿ ಬರುತ್ತಾರೆ. ಮೈಕೈ ನೋವು, ಸುಸ್ತು. ರಕ್ತ ಪರೀಕ್ಷೆಗಳಲ್ಲಿ ಏನೂ ಸಿಕ್ಕಿಲ್ಲ. "ಒಂದು ಬಾಟ್ಲಿ ಹಾಕ್ಬಿಡ್ರಿ ಸಾರ್." ಬೇಡ ಅಂತ ವಿವರಿಸಿ, ಕೊನೆಗೆ ಹಾಕುತ್ತಾರೆ ನಮ್ಮ ಡಾಕ್ಟರು. ಬೈಕಿನ ಸದ್ದು ಕೇಳಿದರೆ ಹೊಟ್ಟೆಯೊಳಗೆ ಸಿಟ್ಟು ಏಳುತ್ತದೆ ಅಂದರು.

ಕುರ್ಚಿ ಸರಿದದ್ದೇ ತಡ, "ಥೈರಾಯ್ಡ್ ನೋಡಿದ್ರಾ?", "ಡ್ರಿಪ್ ಯಾಕೆ ಹಾಕಿದ್ರಿ?" ಶುರುವಾಯಿತು. ಚರ್ಚೆ ಹಳಿ ತಪ್ಪಿದ್ದಕ್ಕೆ ಇದೇ ಗುರುತು. ಮಾತು ಕೇಸು ಹೇಳಿದವರತ್ತ ತಿರುಗಿದರೆ ಅದು ಸಲಹೆ ಅಥವಾ ವಿಚಾರಣೆ. ಮನೋವೈದ್ಯೆ ತಡೆದು, "ನೀವೇ ಆ ಅಮ್ಮ ಆಗಿದ್ರೆ ಆ ಮಂಚದ ಮೇಲೆ ಹೇಗಿರುತ್ತೆ?" ಅಂದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹರಿಹರದಿಂದ ಬರುವ ಸದಸ್ಯೆ, "ಬಾಟ್ಲಿ ಇಳಿಯೋವರೆಗೂ ನಾನು ಮಲಗಬಹುದು, ಯಾರೂ ಎಬ್ಬಿಸಲ್ಲ. ಮಗ ಪಕ್ಕದಲ್ಲೇ ಕೂತಿರ್ತಾನೆ" ಅಂದರು. ಇನ್ನೊಬ್ಬರು ಡಾಕ್ಟರ ಕಡೆಯಿಂದ ಮಾತಾಡಿದರು: "ನನಗೆ ಸೋತ ಹಾಗೆ ಅನಿಸುತ್ತೆ, ಹಾಕದಿದ್ರೆ ಪಕ್ಕದ ಕ್ಲಿನಿಕ್ಕಿಗೆ ಹೋಗ್ತಾರಲ್ಲ ಅನ್ನೋ ಭಯಾನೂ ಇದೆ."

ಒಳಗೆ ಬಂದ ಮೇಲೆ ನಮ್ಮ ಡಾಕ್ಟರು ಹೇಳಿದ್ದಿಷ್ಟು: ಆಕೆಯ ಗಂಡ ಹೋದ ವರ್ಷ ತೀರಿಕೊಂಡಿದ್ದು ತಮಗೆ ಗೊತ್ತಿತ್ತು, ಕೇಸು ಹೇಳುವಾಗ ಅದು ಬಾಯಿಗೇ ಬರಲಿಲ್ಲ.

ಮುಂದಿನ ಕೂಟದಲ್ಲಿ ವಿಚಾರಿಸಿದೆವು. ಆಕೆಗೆ ಈಗ ಸಂಜೆ ಮೊದಲ ಸರದಿ ಕೊಟ್ಟು, ಹತ್ತು ನಿಮಿಷ ಕೂರಿಸಿ ಮಾತಾಡಿಸುತ್ತಿದ್ದಾರೆ. ಬಾಟ್ಲಿ ಈಗಲೂ ಕೇಳುತ್ತಾರಂತೆ. ಬೈಕಿನ ಸದ್ದಿಗೆ ಮೊದಲಿನಷ್ಟು ಸಿಟ್ಟು ಬರುತ್ತಿಲ್ಲವಂತೆ. ಮುಂದಿನ ಸಲ ಕೇಸು ಹೇಳುವ ಸರದಿ ನನ್ನದು.