ನುಡಿ ಟೈಪಿಂಗ್ ವೇಗ ನಿಂತುಬಿಟ್ಟಾಗ

ಅವೆನ್ಯೂ ರಸ್ತೆಯ ಡಿಟಿಪಿ ಕೆಲಸಕ್ಕೆಂದು ನುಡಿ ಕಲಿಯುತ್ತಿರುವವರೇ, ದಿನಾ ಒಂದು ಗಂಟೆ ಕುಟ್ಟಿದರೂ ವೇಗ ಅಲ್ಲೇ ನಿಂತಿದೆಯಾ? ಅದೇ ಪುಟವನ್ನು ಮತ್ತೆ ಮತ್ತೆ ಹೊಡೆಯಬೇಡಿ. ಹತ್ತು ನಿಮಿಷ, ತಪ್ಪಾದರೂ ಆಗಲಿ ಅಂತ, ನಿಮ್ಮ ವೇಗಕ್ಕಿಂತ ಸ್ವಲ್ಪ ಜೋರಾಗಿ ಹೊಡೆಯಿರಿ. ಕೈ ತಡವರಿಸಿದ ಪದಗಳಿಗೆ ಗುರುತು ಹಾಕಿ.

ಬಹಳಷ್ಟು ಸಲ ಸಿಗುವುದು ಒತ್ತಕ್ಷರವೇ. ‘ಶಾಸ್ತ್ರ’ದ ‘ಸ್ತ್ರ’ ನೋಡಿ: `sftfr`. `s` ಬಿಟ್ಟರೆ ಉಳಿದ ನಾಲ್ಕೂ ಕೀಲಿ ಎಡಗೈ ತೋರುಬೆರಳಿನದೇ! ಬೆರಳು `f`ನಿಂದ `t`ಗೆ ಹಾರಿ, ವಾಪಸ್ ಬಂದು, ಮತ್ತೆ `r`ಗೆ ಹೋಗಬೇಕು. ಆ ಐದು ಕೀಲಿಗಳನ್ನಷ್ಟೇ ನಿಧಾನವಾಗಿ, ಒಂದೇ ಲಯದಲ್ಲಿ ಇಪ್ಪತ್ತು ಸಲ ಒತ್ತಿ. ಆಮೇಲೆ ‘ಶಾಸ್ತ್ರ’, ‘ವಸ್ತ್ರ’, ಕೊನೆಗೆ ಇಡೀ ವಾಕ್ಯ. ಈ ಜೋಡಣೆ ಬೇರೆಯವುಗಳಷ್ಟು ವೇಗಕ್ಕೆ ಬರಲ್ಲ, ಆದರೆ ತಡವರಿಕೆ ಹೋಗುತ್ತೆ.