5.5 ಸರಿಯಾಗಿತ್ತು, ನಾನು ಕೊಟ್ಟ ಸಲಹೆ ತಪ್ಪಾಗಿತ್ತು

ಇನ್ಶೂರೆನ್ಸ್ ಪಾಲಿಸಿಯನ್ನು ಮಧ್ಯದಲ್ಲೇ ಬಿಟ್ಟು ದುಡ್ಡು ವಾಪಸ್ ತಗೊಳ್ಳುವ ಸರೆಂಡರ್ ಫಾರ್ಮಿಗೆ ಸಹಿ ಬಿದ್ದಾಗಿತ್ತು. ಒರಿಜಿನಲ್ ಬಾಂಡು, ಕ್ಯಾನ್ಸಲ್ ಮಾಡಿದ ಚೆಕ್ಕು, ಗುರುತಿನ ಚೀಟಿಯ ಜೆರಾಕ್ಸು, ಎಲ್ಲ ಸೇರಿಸಿ ಪಿನ್ ಹೊಡೆದು ನನ್ನ ಮುಂದೆ ಇಟ್ಟುಕೊಂಡಿದ್ದೆ. ಕ್ಲೈಂಟ್ ಎದುರಿಗೇ ಕೂತಿದ್ದರು. ಆ ಹೊತ್ತಿಗೆ ಬೇರೆ ಯಾವುದೋ ಫೈಲಿಗೆ ಬಂದ ನಮ್ಮ ಸೀನಿಯರ್ ಮೇಡಮ್ ರಿವ್ಯೂ ಶೀಟ್ ಎತ್ತಿ ನೋಡಿ ಒಂದೇ ಮಾತು ಕೇಳಿದರು.

"ಈ ಐದೂವರೆ ಪರ್ಸೆಂಟ್ ರಿಟರ್ನ್ ಯಾವತ್ತಿನಿಂದ ಲೆಕ್ಕ?"

ನನಗೆ ಪ್ರಶ್ನೆಯೇ ಅರ್ಥ ಆಗಲಿಲ್ಲ. ಪಾಲಿಸಿ ಶುರುವಾದ ದಿನದಿಂದ ಅಂದೆ. "ಇವರು ತೀರ್ಮಾನ ಮಾಡ್ತಿರೋದು ಇವತ್ತು ಅಲ್ವಾ?" ಅಂದು ಶೀಟ್ ಕೆಳಗಿಟ್ಟು ಹೋದರು.

ಇದು ನಡೆದು ತುಂಬಾ ದಿನ ಆಗಿದೆ. ಆದರೂ ವಿಮೆ, ಉಳಿತಾಯ ಎರಡೂ ಸೇರಿದ ಎಂಡೋಮೆಂಟ್ ಪಾಲಿಸಿಯ ಫೈಲ್ ತೆರೆದಾಗಲೆಲ್ಲ ಆ ಪ್ರಶ್ನೆ ನೆನಪಾಗುತ್ತದೆ.

ಮೊದಲಿಂದ ಹೇಳುತ್ತೇನೆ. ಪಾಲಿಸಿ ತೀರಾ ಮಾಮೂಲಿನದು. 20 ವರ್ಷ, ಸಮ್ ಅಶೂರ್ಡ್ ಅಂದರೆ ವಿಮೆಯ ಮೊತ್ತ 10,00,000, ವರ್ಷಕ್ಕೆ 50,000 ಪ್ರೀಮಿಯಂ. ಬೋನಸ್ ಸಾವಿರಕ್ಕೆ 42. ಅಂದರೆ ವರ್ಷಕ್ಕೆ 42,000, 20 ವರ್ಷಕ್ಕೆ 8,40,000. ಕೊನೆಯಲ್ಲಿ ಕೈಗೆ ಬರುವುದು 18,40,000. ಕ್ಲೈಂಟ್ 8 ಕಂತು ಕಟ್ಟಿದ್ದರು, 9ನೆಯದು ಆ ವಾರ ಕಟ್ಟಬೇಕಿತ್ತು. ಅದಕ್ಕೆ ಮುಂಚೆ ಫೋನ್ ಮಾಡಿದ್ದರು.

"ಹತ್ತು ಲಕ್ಷ ಹಾಕಿದ್ರೆ ಎಂಬತ್ನಾಲ್ಕು ಪರ್ಸೆಂಟ್ ಲಾಭ ಅಂದಿದ್ರು ಸರ್. ವರ್ಷಕ್ಕೆ ಎಷ್ಟು ಬಿತ್ತು ಅದು? ನಾನೇ ಇಪ್ಪತ್ತರಿಂದ ಭಾಗಿಸಿದೆ, 4.2 ಬಂತು. ಇಷ್ಟೇನಾ?"

ಅವರ ಸಿಟ್ಟಿಗೆ ಕಾರಣ ಇತ್ತು, ಆದರೆ 4.2 ಸರಿಯಲ್ಲ. ಹತ್ತು ಲಕ್ಷವನ್ನು ಅವರು ಒಂದೇ ದಿನ ಕೊಟ್ಟಿಲ್ಲ. ಮೊದಲ ಕಂತು 20 ವರ್ಷ ಒಳಗಿರುತ್ತದೆ, ಕೊನೆಯ ಕಂತು ಒಂದೇ ವರ್ಷ. ಸರಾಸರಿ ತೆಗೆದರೆ ಒಂದೊಂದು ಕಂತು ಒಳಗಿರುವುದು ಹತ್ತೂವರೆ ವರ್ಷ ಅಷ್ಟೇ. ಹಾಗಾಗಿ 20ರಿಂದ ಭಾಗಿಸಿದರೆ ನಿಜವಾದ ದರಕ್ಕಿಂತ ಕಡಿಮೆ ಬರುತ್ತದೆ. ಇನ್ನೊಂದು ಕಡೆ, 'ಸಾವಿರಕ್ಕೆ 42' ಅನ್ನುವುದು ಬಡ್ಡಿಯ ಹಾಗೆ ಕೇಳಿಸುತ್ತದೆ, ಆದರೆ ಬಡ್ಡಿ ಅಲ್ಲ. ಅದನ್ನು ಲೆಕ್ಕ ಹಾಕುವುದು ಸಮ್ ಅಶೂರ್ಡ್ ಮೇಲೆ, ಕಟ್ಟಿದ ದುಡ್ಡಿನ ಮೇಲೆ ಅಲ್ಲ. ಇಂಥ ಪಾಲಿಸಿಯಲ್ಲಿ ಮೊದಲ ವರ್ಷ ಸೇರಿದ 42,000 ಕೊನೆಯವರೆಗೂ 42,000 ಆಗಿಯೇ ಕೂತಿರುತ್ತದೆ, ಮರಿ ಹಾಕುವುದಿಲ್ಲ. ಬಾಂಡಿನಲ್ಲಿ ಎಷ್ಟು ಹುಡುಕಿದರೂ ವರ್ಷಕ್ಕೆ ಎಷ್ಟು ದರ ಅನ್ನುವುದು ಸಿಗುವುದಿಲ್ಲ. ಅದನ್ನು ನಾವೇ ಬಿಡಿಸಬೇಕು. ಪ್ರತಿ ವರ್ಷ 50,000 ಯಾವ ದರದಲ್ಲಿ ಬೆಳೆದರೆ ಕೊನೆಗೆ ಸರಿಯಾಗಿ 18,40,000 ಆಗುತ್ತದೆ? ಆ ದರವೇ ಐಆರ್‌ಆರ್.

ಫೋನಿನಲ್ಲಿ ಮಾತಾಡುತ್ತಲೇ ಶೀಟಿನಲ್ಲಿ ಹಾಕಿದೆ. 6.00% ಬಂತು. ಅದನ್ನೇ ಹೇಳಿಬಿಟ್ಟೆ. "ಆರು ಅಂದ್ರೆ ಪರವಾಗಿಲ್ಲ, ಇರ್ಲಿ ಬಿಡಿ" ಅಂದರು ಅವರು.

ಸಂಜೆ ಫೈಲ್ ಮುಚ್ಚುವಾಗ ಅನುಮಾನ ಬಂತು. ಕೈಯಲ್ಲಿ 21 ಸಾಲು ಬರೆದು ನೋಡಿದೆ. ಮೊದಲ 20 ಸಾಲಿಗೆ ಮೈನಸ್ 50,000, 21ನೇ ಸಾಲಿಗೆ 18,40,000. ದರ 5.5% ಬಂತು. ತಪ್ಪು ಎಲ್ಲಿ ಅಂತ ಹುಡುಕಿದರೆ ಇಲ್ಲಿತ್ತು:

```
=RATE(20,-50000,0,1840000)     → 6.00%
=RATE(20,-50000,0,1840000,1)   → 5.50%
```

ಕೊನೆಯ ಆ 1 ಬಿಟ್ಟುಹೋಗಿತ್ತು. ಅದು ಇಲ್ಲದಿದ್ದರೆ ಕಂತು ವರ್ಷದ ಕೊನೆಯಲ್ಲಿ ಕಟ್ಟಿದಂತೆ ಅಂತ ಎಕ್ಸೆಲ್ ಅಂದುಕೊಳ್ಳುತ್ತದೆ. ಇನ್ಶೂರೆನ್ಸಿನಲ್ಲಿ ಪ್ರೀಮಿಯಂ ಯಾವಾಗಲೂ ಮುಂಗಡ. ಪ್ರತಿ ಕಂತೂ ಒಂದು ವರ್ಷ ಜಾಸ್ತಿ ಒಳಗಿರುತ್ತದೆ. ಅಷ್ಟೇ ದುಡ್ಡು ಬರುವುದಕ್ಕೆ ಒಂದು ವರ್ಷ ಜಾಸ್ತಿ ಹಿಡಿದರೆ ದರ ಇಳಿಯಲೇಬೇಕು. ಇಲ್ಲಿ ಇಳಿದದ್ದು ಅರ್ಧ ಪರ್ಸೆಂಟ್. ಸಾಲು ಬರೆದು ಮಾಡುವಾಗಲೂ ಇದೇ ತಪ್ಪು ಆಗುತ್ತದೆ. ಕೊನೆಯ ಕಂತು ಇರುವ ಸಾಲಿನಲ್ಲೇ ಮೆಚ್ಯೂರಿಟಿ ಮೊತ್ತ ಬರೆದರೆ ಮತ್ತೆ 6 ಬರುತ್ತದೆ. ಒಟ್ಟು 21 ಸಾಲು ಇದೆಯಾ ಅಂತ ಎಣಿಸಿದರೆ ಗೊತ್ತಾಗುತ್ತದೆ.

ತಪ್ಪು ಸಿಕ್ಕಿತು ಅನ್ನುವ ಸಮಾಧಾನದಲ್ಲಿ ನಾನು ಇನ್ನೂ ದೊಡ್ಡ ತಪ್ಪು ಮಾಡಿದೆ.

ನಮ್ಮ ಆಫೀಸಿನ ರಿವ್ಯೂ ಶೀಟಿನಲ್ಲಿ 'ರಿಟರ್ನ್' ಅಂತ ಒಂದೇ ಕಾಲಂ ಇದೆ. 6ಕ್ಕಿಂತ ಕಡಿಮೆ ಬಂದರೆ ಆ ಸೆಲ್ ಕೆಂಪಾಗುತ್ತದೆ. ಕೆಂಪು ಬಂದರೆ ಪಕ್ಕದಲ್ಲಿ 'ಎಕ್ಸಿಟ್' ಅಂತ ತಾನೇ ಬೀಳುತ್ತದೆ. ಇದನ್ನು ಮಾಡಿದವರು ಹೊಸ ಪಾಲಿಸಿ ತಗೊಳ್ಳಲಾ ಬೇಡವಾ ಅನ್ನುವವರಿಗೆ ಮಾಡಿದ್ದರು. ಆಮೇಲೆ ಮ್ಯಾನೇಜ್‌ಮೆಂಟ್ ಅದನ್ನೇ ಹಳೇ ಪಾಲಿಸಿಗೂ ಬಳಸಿ ಅಂತ ಮೇಲ್ ಹಾಕಿತು. ನಾನು 5.5 ಹಾಕಿದೆ. ಸೆಲ್ ಕೆಂಪಾಯಿತು. ಮರುದಿನ ಬೆಳಿಗ್ಗೆಯೇ ಫೋನ್ ಮಾಡಿ, ನಿನ್ನೆ ತಪ್ಪು ಹೇಳಿದೆ ಅಂತ ಕ್ಷಮೆ ಕೇಳಿ, ಸರೆಂಡರ್ ಮಾಡುವುದು ಒಳ್ಳೆಯದು ಅಂದೆ. ಸರೆಂಡರ್ ಮಾಡಿದರೆ ಎಷ್ಟು ಸಿಗುತ್ತದೆ ಅನ್ನುವ ಎಸ್‌ವಿ ಕೋಟ್ ತರಿಸಿದೆವು. 2,80,000 ಬಂತು. 4,00,000 ಕಟ್ಟಿದ್ದ ಮನುಷ್ಯ ಆ ಸಂಖ್ಯೆ ನೋಡಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಪೆನ್ನು ತಗೊಂಡರು. "ನೀವು ಹೇಳಿದ್ಮೇಲೆ ಮುಗೀತು" ಅಂದರು.

ಮೇಡಮ್ ಬಂದದ್ದು ಅದಾದ ಎರಡು ನಿಮಿಷಕ್ಕೆ.

ಅವರು ಹೋದ ಮೇಲೆ ನಾನು ಹೊಸ ಶೀಟ್ ತೆರೆದೆ. ಕ್ಲೈಂಟ್ ನನ್ನ ಮುಖವನ್ನೇ ನೋಡುತ್ತಿದ್ದರು. ಬೆರಳು ತಡವರಿಸುತ್ತಿತ್ತು. ಯಾವತ್ತಿನಿಂದ? ಇವತ್ತಿನಿಂದ. ಇವತ್ತು ಇವರ ಕೈಯಲ್ಲಿ ಏನಿದೆ? 4,00,000 ಇಲ್ಲ, ಅದು ಹೋಗಿ ಆಗಿದೆ. ಪಾಲಿಸಿ ಬಿಟ್ಟರೆ 2,80,000 ಸಿಗುತ್ತದೆ. ಬಿಡದಿದ್ದರೆ ಆ 2,80,000ವನ್ನು ಇವತ್ತು ಪಾಲಿಸಿಯೊಳಗೆ ಮತ್ತೆ ಹಾಕಿದ ಹಾಗೆ. ಅದರ ಜೊತೆ ಇನ್ನು 12 ಕಂತು. 12 ವರ್ಷದ ಕೊನೆಯಲ್ಲಿ 18,40,000.

```
=RATE(12,-50000,-280000,1840000,1)   → 8.7%
```

ಎರಡು ಸಲ ಹಾಕಿ ನೋಡಿದೆ. ಆಮೇಲೆ 13 ಸಾಲು ಬರೆದು ನೋಡಿದೆ. ಮೊದಲ ಸಾಲಿಗೆ ಮೈನಸ್ 3,30,000, ಅಂದರೆ ಬಿಟ್ಟುಕೊಟ್ಟ ಸರೆಂಡರ್ ಮೊತ್ತ ಮತ್ತು 9ನೇ ಕಂತು ಸೇರಿ. ಆಮೇಲೆ 11 ಸಾಲಿಗೆ ಮೈನಸ್ 50,000, ಕೊನೆಗೆ 18,40,000. ಅದೇ 8.7.

5.5 ಕೊಡುವ ಪಾಲಿಸಿ ಇವತ್ತಿನಿಂದ 8.7 ಹೇಗೆ ಕೊಡುತ್ತದೆ? ಖರ್ಚೆಲ್ಲ ಮೊದಲೇ ಮುಗಿದಿರುವುದರಿಂದ. ಕಮಿಷನ್, ಪಾಲಿಸಿ ಮಾಡಿಸಿದ ಖರ್ಚು ಇವುಗಳ ದೊಡ್ಡ ಪಾಲು ಮೊದಲ ವರ್ಷಗಳ ಕಂತಿನಲ್ಲೇ ಹೋಗಿಬಿಡುತ್ತದೆ. ಮಧ್ಯದಲ್ಲಿ ಬಿಡುವವರಿಗೆ ಕಂಪನಿ ಸರೆಂಡರ್ ಮೊತ್ತದಲ್ಲೂ ಕತ್ತರಿ ಹಾಕುತ್ತದೆ. ಆ ನಷ್ಟ ಇವರಿಗೆ ಆಗಲೇ ಆಗಿದೆ. ಅವತ್ತು ಬಿಟ್ಟಿದ್ದರೆ 8 ವರ್ಷಕ್ಕೆ ಇವರ ದರ ಮೈನಸ್ 8% ಆಗುತ್ತಿತ್ತು. 5.5 ಅನ್ನುವುದು ಈ ಕೆಟ್ಟ 8 ವರ್ಷ ಮತ್ತು ಮುಂದಿನ ಒಳ್ಳೆಯ 12 ವರ್ಷ ಎರಡನ್ನೂ ಕಲಸಿದ ಸಂಖ್ಯೆ. ನಾನು ಕೆಟ್ಟ ಭಾಗವನ್ನು ಪೂರ್ತಿ ಅನುಭವಿಸಿದ ಮನುಷ್ಯನಿಗೆ ಒಳ್ಳೆಯ ಭಾಗ ಬಿಟ್ಟು ಎದ್ದು ಹೋಗಿ ಅಂತ ಹೇಳಿದ್ದೆ.

ಆದರೆ 8.7 ಕೂಡ ಗ್ಯಾರಂಟಿ ಅಲ್ಲ. ಮುಂದಿನ ಬೋನಸ್ ಎಷ್ಟು ಅಂತ ಯಾರೂ ಬರೆದುಕೊಟ್ಟಿಲ್ಲ. ಅದನ್ನೂ ಅವರ ಎದುರಿಗೇ ಮಾಡಿ ತೋರಿಸಿದೆ. ಈಗಾಗಲೇ ಸೇರಿದ 8 ವರ್ಷದ ಬೋನಸ್ 3,36,000, ಪಾಲಿಸಿ ಕೊನೆಯವರೆಗೆ ನಡೆಸಿದರೆ ಅದು ಎಲ್ಲೂ ಹೋಗುವುದಿಲ್ಲ. ಮುಂದೆ ಬೋನಸ್ ಸಾವಿರಕ್ಕೆ 30ಕ್ಕೆ ಇಳಿದರೆ ಬರುವುದು 16,96,000, ದರ ಸುಮಾರು 7.8. ಇನ್ನು ಒಂದು ಪೈಸೆ ಬೋನಸ್ಸೂ ಬರಲಿಲ್ಲ ಅಂದುಕೊಂಡರೂ 13,36,000 ಬರುತ್ತದೆ, ದರ ಸುಮಾರು 5. ಈ ಮೂರನೆಯ ಸಂಖ್ಯೆ ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ, ಯಾಕೆಂದರೆ ಕಾಗದದ ಮೇಲೆ ಬರೆದುಕೊಟ್ಟಿರುವುದು ಅದೊಂದೇ. ಜೊತೆಗೆ 10 ಲಕ್ಷದ ಕವರ್ ಹೇಗಿದ್ದರೂ ಮುಂದುವರಿಯುತ್ತದೆ.

ಕಂತು ನಿಲ್ಲಿಸಿ ಪೇಡಪ್ ಮಾಡುವ ದಾರಿಯನ್ನೂ ನೋಡಿದೆವು. 20ರಲ್ಲಿ 8 ಕಂತು ಕಟ್ಟಿದ್ದಕ್ಕೆ 4,00,000, ಸೇರಿದ ಬೋನಸ್ 3,36,000, ಒಟ್ಟು 7,36,000 ಮೆಚ್ಯೂರಿಟಿಗೆ ಬರುತ್ತದೆ. ಇವತ್ತಿನ 2,80,000 ಹನ್ನೆರಡು ವರ್ಷದಲ್ಲಿ ಅಷ್ಟಾಗಬೇಕಾದರೆ 8.4%. ಇದರಲ್ಲಿ ಮುಂದಿನ ಬೋನಸ್ ಮೇಲೆ ಏನೂ ನಿಂತಿಲ್ಲ. ಕವರ್ ಮಾತ್ರ ಕಡಿಮೆಯಾಗುತ್ತದೆ. ಕಂತು ಕಟ್ಟಲು ಕಷ್ಟ ಇರುವವರಿಗೆ ಸರೆಂಡರ್‌ಗಿಂತ ಇದು ಎಷ್ಟೋ ವಾಸಿ. ನನ್ನ ಶೀಟಿನಲ್ಲಿ ಇದಕ್ಕೆ ಜಾಗವೇ ಇರಲಿಲ್ಲ.

ಎಲ್ಲರಿಗೂ ಮುಂದುವರಿಸಿ ಅಂತಲೇ ಬರುತ್ತದೆ ಅಂತ ಅಲ್ಲ. ಒಂದೇ ಕಂತು ಕಟ್ಟಿದವರ ಫೈಲುಗಳಲ್ಲಿ ಹೋದ ದುಡ್ಡು ಕಡಿಮೆ, ಇನ್ನು ಕಟ್ಟಬೇಕಾದ್ದೇ ಜಾಸ್ತಿ. ಅಲ್ಲಿ ಮುಂದಿನ ದರ ಹಳೇ ಐಆರ್‌ಆರ್‌ಗೆ ಹತ್ತಿರವೇ ಇರುತ್ತದೆ, ಬಿಡುವುದು ಸರಿಯಾಗಬಹುದು. ಕೋಟ್ ತರಿಸಿ ಲೆಕ್ಕ ಹಾಕಿದರೇ ಗೊತ್ತಾಗುವುದು.

ಕ್ಲೈಂಟ್ ಫಾರ್ಮ್ ವಾಪಸ್ ಕೇಳಿದರು. ನಾನೇ ಪಿನ್ ತೆಗೆದು, ಬಾಂಡನ್ನು ಅವರ ಕವರಿನಲ್ಲಿ ಹಾಕಿ ಕೊಟ್ಟೆ. ಎರಡು ದಿನದಲ್ಲಿ ಎರಡು ಸಲ ಮಾತು ಬದಲಿಸಿದೆ ಅಂತ ಕ್ಷಮೆ ಕೇಳಿದೆ. ಅವರು ಬೈಯಲಿಲ್ಲ. ಆದರೆ ಏಳುವಾಗ ಕೇಳಿದರು, "ಎಂಟು ವರ್ಷದ ಹಿಂದೆ ಈ ಒಂದು ಸಾಲಿನ ಲೆಕ್ಕ ಯಾರಾದ್ರೂ ಮಾಡಿ ತೋರಿಸಿದ್ರೆ ನಾನು ಇದನ್ನ ತಗೊಳ್ತಿದ್ನಾ ಸರ್?"

ಇಲ್ಲ ಅಂದೆ. ಅವತ್ತು 5.5 ಸರಿಯಾದ ಸಂಖ್ಯೆ ಆಗಿತ್ತು.

9ನೇ ಕಂತಿನ ರಸೀದಿ ಆ ವಾರವೇ ಕಳಿಸಿದರು. ರಿವ್ಯೂ ಶೀಟಿಗೆ 'ಇವತ್ತಿನಿಂದ' ಅಂತ ಎರಡನೇ ಕಾಲಂ ಬೇಕು ಅಂತ ನಾನೂ ಮೇಡಮ್ಮೂ ಎರಡು ಸಲ ಮೇಲ್ ಹಾಕಿದ್ದೇವೆ. ಇನ್ನೂ ಬಂದಿಲ್ಲ. ಸದ್ಯಕ್ಕೆ ರಿಮಾರ್ಕ್ಸ್ ಜಾಗದಲ್ಲಿ ಕೈಯಿಂದ ಬರೆಯುತ್ತಿದ್ದೇನೆ. ಪಕ್ಕದ 'ಎಕ್ಸಿಟ್' ಈಗಲೂ ಕೆಂಪಾಗಿಯೇ ಬೀಳುತ್ತದೆ, ಅದನ್ನು ಪ್ರಿಂಟ್ ತೆಗೆಯುವ ಮೊದಲು ಅಳಿಸುತ್ತೇನೆ.